ಮೇಲಧಿಕಾರಿಯ ಮಾತೂ ಆಂತರಿಕ ಸಮಿತಿಯೂ

ನಮ್ಮ ಸಂಘದ ಕಾರ್ಯಾಲಯಕ್ಕೆ ಸಂಬಳದ ಬಾಕಿ, ಬೋನಸ್ಸು, ಪ್ರಾವಿಡೆಂಟ್ ಫಂಡು ಮೊದಲಾದ ತಕರಾರುಗಳನ್ನು ಹೊತ್ತು ಬರುವವರು ಬಾಗಿಲು ದಾಟುವ ಮೊದಲೇ ಮಾತು ಪ್ರಾರಂಭಿಸುತ್ತಾರೆ. ಇನ್ನೊಂದು ಬಗೆಯ ದೂರು ಹಾಗೆ ಬರುವುದಿಲ್ಲ. ಅದನ್ನು ತಂದ ಹೆಣ್ಣುಮಗಳು ಮೂಲೆಯ ಬೆಂಚಿನ ಮೇಲೆ ಕುಳಿತು, ಉಳಿದವರೆಲ್ಲ ಎದ್ದು ಹೋಗುವ ತನಕ ಕಾಯುತ್ತಾಳೆ. ಆಮೇಲೂ ಅವಳ ಮೊದಲ ವಾಕ್ಯ ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಅವರು ಏನೂ ಮಾಡಿಲ್ಲ ಅಣ್ಣ, ಬರೇ ಮಾತು."

ಈ "ಬರೇ ಮಾತಿ"ನ ವಿಷಯವಾಗಿಯೇ ಈ ಸಲ ಬರೆಯಬೇಕಾಗಿದೆ. ಬರೆಯಲು ಒಂದು ಕಾರಣ ನಮ್ಮ ತಪ್ಪೇ ಆಗಿದೆ. ಅದನ್ನು ಮುಂದೆ ಹೇಳುತ್ತೇವೆ.

ಉದ್ಯೋಗದ ಸ್ಥಳದಲ್ಲಿ ಮಹಿಳೆಯರ ಮೇಲೆ ನಡೆಯುವ ಲೈಂಗಿಕ ಕಿರುಕುಳವನ್ನು ತಡೆಯುವ ಕಾನೂನು 2013ರಲ್ಲಿ ಬಂದಿತು. ಅದಕ್ಕೂ ಹಿಂದೆ, 1997ರಲ್ಲಿ, ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಕಟ್ಟಳೆಗಳೇ ಈ ಕಾನೂನಿಗೆ ಬುನಾದಿ. ಮೈ ಮುಟ್ಟಿದರೆ ಮಾತ್ರ ದೂರು ಎಂಬ ತಿಳಿವಳಿಕೆ ಇಂದಿಗೂ ನಮ್ಮ ಜನರಲ್ಲಿದೆ. ಕಾನೂನು ಹಾಗೆ ಹೇಳುವುದಿಲ್ಲ. ಲೈಂಗಿಕ ಅರ್ಥದ ಛಾಯೆಯುಳ್ಳ ಮಾತನ್ನು ಅದು ಬೇರೆಯಾಗಿಯೇ ಹೆಸರಿಸಿದೆ. ಮಾತು, ಸನ್ನೆ, ನೋಟ ಯಾವುದೇ ಆಗಲಿ, ಅದು ಲೈಂಗಿಕ ಸ್ವರೂಪದ್ದಾಗಿದ್ದು ಹೆಣ್ಣಿಗೆ ಬೇಡವಾದುದಾಗಿದ್ದರೆ ಸಾಕು. 1999ರಲ್ಲಿಯೇ, ದೆಹಲಿಯ ಒಂದು ರಫ್ತು ಮಂಡಳಿಯ ಪ್ರಕರಣದಲ್ಲಿ, ನಿಜವಾಗಿ ದೇಹಸ್ಪರ್ಶವಾಯಿತೆಂದು ತೋರಿಸಲೇಬೇಕೆಂಬ ವಾದವನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತ್ತು.

ಇದರ ಎಲ್ಲೆಯನ್ನೂ ಹೇಳಿಬಿಡಬೇಕು. ಮೇಲಧಿಕಾರಿ ಕೆಲಸದ ತಪ್ಪಿಗೆ ಗದರಿದರೆ, ನಾಲ್ಕು ಜನರೆದುರು ಅವಮಾನ ಮಾಡಿದರೆ, ಅದು ಅನ್ಯಾಯವೇ ಇರಬಹುದು. ಆದರೆ ಈ ಸಮಿತಿಯ ಮುಂದೆ ಹೋಗುವ ಅನ್ಯಾಯವಲ್ಲ. ಅದಕ್ಕೆ ಬೇರೆ ದಾರಿಗಳಿವೆ. "ಸೀರೆ ಚೆನ್ನಾಗಿದೆ" ಎಂದು ಒಬ್ಬ ಹಿರಿಯ ಒಂದು ದಿನ ಅಂದರೆ ಅದೂ ದೂರಾಗುವುದಿಲ್ಲ. ತೊಡಕು ಇರುವುದು ಇವೆರಡರ ನಡುವಣ ಮಾತುಗಳಲ್ಲಿ: ಒಂದೊಂದನ್ನೂ ಬಿಡಿಯಾಗಿ ಎತ್ತಿ ತೋರಿಸಿದರೆ "ಇದರಲ್ಲೇನಿದೆ?" ಎನ್ನಿಸುವ, ಒಟ್ಟಿಗಿಟ್ಟರೆ ದಾರಿ ತೋರುವ ಮಾತುಗಳಲ್ಲಿ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ದೂರುದಾರಳ ಗುರುತನ್ನೂ ವಿಚಾರಣೆಯ ವಿವರವನ್ನೂ ಪತ್ರಿಕೆಗಳು ಪ್ರಕಟಿಸಬಾರದೆಂದು ಕಾನೂನೇ ನಿಷೇಧಿಸಿದೆ. ಅದು ನಮಗೂ ಅನ್ವಯಿಸುತ್ತದೆ. ಆದುದರಿಂದ ನಾವು ಕಂಡ ಒಂದೆರಡು ಸಂದರ್ಭಗಳನ್ನು ಬೆರೆಸಿ, ಊರು, ದಿನಾಂಕ, ವೃತ್ತಿಗಳನ್ನು ಬದಲಿಸಿ ಇಲ್ಲಿ ಹೇಳುತ್ತಿದ್ದೇವೆ. ಯಾರಿರಬಹುದೆಂದು ವಾಚಕರು ಊಹಿಸಹೊರಡುವುದು ಬೇಡ.

ಮುಂಬಯಿಯ ಪಶ್ಚಿಮ ಉಪನಗರದಲ್ಲಿ ಸರಕು ಸಾಗಾಣಿಕೆಯ ಒಂದು ಕಛೇರಿ. ಸುಮಾರು 40 ಮಂದಿ ಕೆಲಸಗಾರರು. ಲೆಕ್ಕದ ವಿಭಾಗದಲ್ಲಿ ಒಬ್ಬ ತರುಣಿ. ಕಂತ್ರಾಟುದಾರನ ಮೂಲಕ ಸೇರಿದವಳು, ವರ್ಷ ವರ್ಷಕ್ಕೂ ಕರಾರು ಹೊಸತಾಗಬೇಕು. ಅವಳ ಮೇಲಧಿಕಾರಿ ನಮ್ಮ ಕಡೆಯವರೇ, ಅವಳ ತಂದೆಯ ಪರಿಚಯದವರು. ಕೆಲಸ ಕೊಡಿಸಿದವರೂ ಅವರೇ. ಮನೆಯವರು "ಅವರಿದ್ದಾರೆ, ಧೈರ್ಯ" ಎಂದು ಮಗಳನ್ನು ಕಳಿಸಿಕೊಟ್ಟಿದ್ದರು.

ಜೂನ್ 11ರಂದು ಆತ ಹೇಳಿದ್ದು: "ಈ ಬಣ್ಣ ನಿನಗೆ ಒಪ್ಪುತ್ತದೆ, ನಾಳೆಯೂ ಇದನ್ನೇ ಹಾಕಿಕೊಂಡು ಬಾ." ಅವಳು ನಕ್ಕು ಸುಮ್ಮನಾದಳು. ಜೂನ್ 30ರಂದು: "ಮದುವೆಯಾಗಿ ಎರಡು ವರ್ಷವಾಯಿತು, ಇನ್ನೂ ಸುದ್ದಿ ಇಲ್ಲವಲ್ಲ? ಗಂಡನಿಗೆ ದಿನಾ ರಾತ್ರಿಪಾಳಿಯೇನೇ?" ಜುಲೈ 9ರ ರಾತ್ರಿ 11-20ಕ್ಕೆ ಫೋನಿನಲ್ಲಿ ವಾಟ್ಸಾಪ್ ಸಂದೇಶ: "ಮಲಗಿದ್ದೀಯಾ? ಯಾಕೋ ನಿನ್ನ ನೆನಪಾಯಿತು." ಬೆಳಿಗ್ಗೆ ನೋಡುವಾಗ ಅದನ್ನು ಕಳಿಸಿದಾತನೇ ಅಳಿಸಿಹಾಕಿದ್ದ, ಅಳಿಸಲಾಗಿದೆ ಎಂಬ ಸಾಲು ಮಾತ್ರ ಉಳಿದಿತ್ತು. ಜುಲೈ 24ರಂದು ರಜೆಯ ಅರ್ಜಿಯೊಡನೆ ಕೋಣೆಗೆ ಹೋದಾಗ: "ನೀನು ನನ್ನನ್ನು ಸ್ವಲ್ಪ ಖುಷಿಯಾಗಿಟ್ಟುಕೋ, ರಜೆ ಏನು ದೊಡ್ಡದೇ?" ಆಮೇಲೆ ಅವಳು ಒಬ್ಬಳೇ ಅವರ ಕೋಣೆಗೆ ಹೋಗುವುದನ್ನು ನಿಲ್ಲಿಸಿದಳು. ಆಗಸ್ಟ್ 18ರಂದು: "ಇಷ್ಟು ಬಿಗುಮಾನ ಇಟ್ಟುಕೊಂಡರೆ ಮುಂದಿನ ಕರಾರು ಕಷ್ಟ ಕಣೇ."

ಇವುಗಳಲ್ಲಿ ಜೂನ್ 11ರ ಮಾತನ್ನು ಮಾತ್ರ ಎತ್ತಿಕೊಂಡು ಯಾವ ಸಮಿತಿಯ ಮುಂದೆ ಹೋದರೂ ಏನೂ ಆಗುತ್ತಿರಲಿಲ್ಲ; ಆಗಬೇಕೆಂದು ನಾವೂ ಹೇಳುವುದಿಲ್ಲ. ಆದರೆ ಐದನ್ನೂ ಸಾಲಾಗಿಟ್ಟು ನೋಡಿರಿ. ಬಟ್ಟೆಯಿಂದ ಹಾಸಿಗೆಗೆ, ಕಛೇರಿಯ ಹೊತ್ತಿನಿಂದ ರಾತ್ರಿಗೆ, ಹಾಸ್ಯದಿಂದ ರಜೆಗೆ, ರಜೆಯಿಂದ ಅನ್ನಕ್ಕೆ ಮಾತು ಹೆಜ್ಜೆಹೆಜ್ಜೆಯಾಗಿ ಸಾಗಿದೆ. ಕೊನೆಯ ಎರಡು ಮಾತುಗಳಲ್ಲಿ ಕಾನೂನು ಬಿಡಿಸಿ ಹೇಳಿರುವ ಸಂಗತಿಗಳೇ ಇವೆ: ಸೂಚ್ಯವಾಗಿಯಾದರೂ ಸರಿ, ಅನುಕೂಲ ಮಾಡಿಕೊಡುವೆನೆಂಬ ಆಸೆ ತೋರಿಸುವುದು ಮತ್ತು ಕೆಲಸದ ಭವಿಷ್ಯದ ಬಗ್ಗೆ ಬೆದರಿಸುವುದು. ಕೊನೆಯ ಮಾತಿನಲ್ಲಿ ಲೈಂಗಿಕವಾದ ಒಂದು ಶಬ್ದವೂ ಇಲ್ಲ. ಅದಕ್ಕೆ ಆ ಬಣ್ಣ ಬರುವುದು ಹಿಂದಿನ ನಾಲ್ಕರಿಂದ. ಸರಣಿಯನ್ನು ಬರೆದಿಡಬೇಕಾದ ಕಾರಣ ಇದೇ.

ಗುರುತಿಸುವುದು ಹೇಗೆ ಎಂದು ನಮ್ಮನ್ನು ಕೇಳುತ್ತಾರೆ. ನಾವು ಕಂಡಂತೆ ಎರಡು ಪ್ರಶ್ನೆಗಳು ಬಹಳ ಮಟ್ಟಿಗೆ ಕೆಲಸಕ್ಕೆ ಬರುತ್ತವೆ. ಇದೇ ಮಾತನ್ನು ಆತ ಪಕ್ಕದ ಮೇಜಿನ ಗಂಡು ಗುಮಾಸ್ತನಿಗೆ, ಅಥವಾ ಎಲ್ಲರೂ ಇರುವಾಗ ನಿಮಗೆ, ಹೇಳುತ್ತಿದ್ದನೇ? ನೀವು ಮುಖ ತಿರುಗಿಸಿದ ಮೇಲೆ ಆತ ಮಾತು ನಿಲ್ಲಿಸಿದನೇ, ಇಲ್ಲವೇ ನಿಮ್ಮ ಕೆಲಸಕ್ಕೆ ಕೈ ಹಾಕಿದನೇ? ಸಲಿಗೆಯಿಂದ ತಪ್ಪಿ ಆಡಿದವನು ಎದುರಿನವಳ ಮುಖ ನೋಡಿ ನಾಚಿಕೊಂಡು ನಿಲ್ಲಿಸುತ್ತಾನೆ.

ಕನ್ನಡದಲ್ಲಿ ಇನ್ನೊಂದು ಗುರುತು ಇದೆ. ಅದು ಇಂಗ್ಲಿಷಿನಲ್ಲಿ ಕಾಣುವುದಿಲ್ಲ. ಈ ಮೇಲಧಿಕಾರಿ ವಿಭಾಗದ ಸಭೆಯಲ್ಲಿ ಅವಳನ್ನು "ನೀವು", "ಮೇಡಂ" ಎನ್ನುತ್ತಿದ್ದ. ಕೋಣೆಯ ಬಾಗಿಲು ಮುಚ್ಚಿದೊಡನೆ "ನೀನು", "ಏನೇ", "ಕಣೇ" ಆಗುತ್ತಿತ್ತು. ಊರಿನ ಹಿರಿಯರು ಕಿರಿಯರನ್ನು ಏಕವಚನದಲ್ಲಿ ಕರೆಯುವುದು ನಮ್ಮಲ್ಲಿ ವಾಡಿಕೆ, ಅದರಲ್ಲಿ ತಪ್ಪಿಲ್ಲ. ಹಾಗೆ ಕರೆಯುವವರು ಎಲ್ಲರ ಮುಂದೆಯೂ ಹಾಗೆಯೇ ಕರೆಯುತ್ತಾರೆ. ಜನರಿದ್ದಾಗ ಒಂದು, ಇಲ್ಲದಾಗ ಒಂದು ಎಂದಾಗ ಆ "ಏ"ಕಾರ ಸಲಿಗೆಯದಲ್ಲ. ಆದರೆ ಪರನಾಡಿನಲ್ಲಿ ನಮ್ಮವರ ದೂರು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಬರೆಯಲ್ಪಡುತ್ತದೆ. ಇಂಗ್ಲಿಷಿನಲ್ಲಿ "ನೀನು", "ನೀವು" ಎರಡೂ ಒಂದೇ ಆಗಿ, "ಕಣೇ" ಬಿದ್ದೇ ಹೋಗುತ್ತದೆ. "ಖುಷಿಯಾಗಿಟ್ಟುಕೋ" ಎಂಬುದು "ನನಗೆ ತೃಪ್ತಿಯಾಗುವಂತೆ ಕೆಲಸ ಮಾಡು" ಎಂದು ತೋರತೊಡಗುತ್ತದೆ. ಆಡಿದ ಮಾತಿನ ವಿಷವೆಲ್ಲ ಭಾಷಾಂತರದಲ್ಲಿ ಸೋಸಿಹೋಗುತ್ತದೆ.

ಆದುದರಿಂದ ಬರೆದಿಡುವಾಗ ಮೊದಲ ನಿಯಮ: ಆಡಿದ ಭಾಷೆಯಲ್ಲಿಯೇ ಬರೆಯಬೇಕು. ಕನ್ನಡವಾದರೆ ಕನ್ನಡ, ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ. ಅದರ ಕೆಳಗೆ ಬೇರೆ ಸಾಲಿನಲ್ಲಿ ಹಿಂದಿಯ ಅಥವಾ ಇಂಗ್ಲಿಷಿನ ಅರ್ಥ, ಅದರ ಕೆಳಗೆ ಆ ಮಾತನ್ನು ನಮ್ಮಲ್ಲಿ ಯಾರು ಯಾರಿಗೆ ಹೇಳುತ್ತಾರೆಂಬ ಒಂದು ವಿವರಣೆ.

ನಮ್ಮ ಈ ತರುಣಿ ಜುಲೈ 26ರಂದು ಮಗ್ಗಿಪುಸ್ತಕದಷ್ಟು ಸಣ್ಣ ನೋಟುಬುಕ್ಕೊಂದನ್ನು ತಂದು ಬರೆಯಲಾರಂಭಿಸಿದಳು. ಅದರ ಒಂದು ಪುಟ ಹೀಗಿದೆ:

"ಜುಲೈ 24. ಸಂಜೆ ಸುಮಾರು 6-40. ಅವರ ಕೋಣೆ, ಬಾಗಿಲು ಮುಚ್ಚಿತ್ತು. ಆಗಸ್ಟ್ 4ರಿಂದ 8ರ ವರೆಗೆ ರಜೆಗೆ ಅರ್ಜಿ ಕೊಡಲು ಹೋದೆ. ಅವರು ಹೇಳಿದ್ದು: ನೀನು ನನ್ನನ್ನು ಸ್ವಲ್ಪ ಖುಷಿಯಾಗಿಟ್ಟುಕೋ, ರಜೆ ಏನು ದೊಡ್ಡದೇ. ನಗುತ್ತ ಹೇಳಿದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು: ಸರ್, ಸಹಿ ಮಾಡಿ. ಮಾಡಲಿಲ್ಲ, ಅರ್ಜಿ ಇಟ್ಟುಕೊಂಡರು. ಹೊರಗೆ ಬಂದಾಗ ಪಕ್ಕದ ಮೇಜಿನ ಅಕ್ಕ, ಮುಖ ಯಾಕೆ ಹೀಗಾಗಿದೆ ಎಂದು ಕೇಳಿದರು. ನಡೆದದ್ದು ಹೇಳಿದೆ. ಇದನ್ನು ಬರೆದದ್ದು ಜುಲೈ 26 ರಾತ್ರಿ."

ಇದಕ್ಕಿಂತ ಹೆಚ್ಚಿನ ಬರವಣಿಗೆ ಬೇಕಿಲ್ಲ. "ಬಹಳ ಅಸಭ್ಯವಾಗಿ ಮಾತಾಡಿದರು", "ತುಂಬಾ ಮಾನಸಿಕ ಹಿಂಸೆ" ಎಂಬವು ಬರೆದವಳ ತೀರ್ಮಾನಗಳು. ತೀರ್ಮಾನ ಮಾಡಬೇಕಾದುದು ಸಮಿತಿ. ಅದಕ್ಕೆ ಬೇಕಾದುದು ಆಡಿದ ಮಾತು, ಹೊತ್ತು, ಸ್ಥಳ, ತಾನು ಏನೆಂದೆ, ಆಮೇಲೆ ಯಾರಿಗೆ ಹೇಳಿದೆ ಎಂಬುದು. ಕೊನೆಯ ಸಾಲನ್ನು ಗಮನಿಸಿರಿ. ಘಟನೆಯ ದಿನ ಬೇರೆ, ಬರೆದ ದಿನ ಬೇರೆ ಎಂದು ಅವಳೇ ಒಪ್ಪಿಕೊಂಡಿದ್ದಾಳೆ. ಜೂನಿನ ಎರಡು ಘಟನೆಗಳ ಮುಂದೆಯೂ "ನೆನಪಿನಿಂದ ಬರೆದದ್ದು, ಗಂಟೆ ಸರಿಯಾಗಿ ನೆನಪಿಲ್ಲ" ಎಂದು ಬರೆದಿದ್ದಳು. ಕೆಲವರು ಇದನ್ನು ದೌರ್ಬಲ್ಯವೆಂದು ಬಗೆದು, ದೂರು ಕೊಡುವ ಮುಂಚೆ ಎಲ್ಲವನ್ನೂ ಒಂದೇ ಶಾಯಿಯಲ್ಲಿ ಅಂದವಾಗಿ ಹೊಸ ಪುಸ್ತಕಕ್ಕೆ ಇಳಿಸುತ್ತಾರೆ. ಅದರಿಂದ ಪುಸ್ತಕದ ಬೆಲೆಯೇ ಹೋಗುತ್ತದೆ. ಒಂದೇ ದಿನ ಕುಳಿತು ಕಟ್ಟಿದ ಕಥೆ ಎನ್ನಲು ಎದುರು ಕಡೆಯವರಿಗೆ ಅಷ್ಟೇ ಸಾಕು. ಕಲೆಯಾದ, ಕಾಟು ಹಾಕಿದ ಮೂಲಪುಟವೇ ಇರಲಿ. ಬರೆದ ರಾತ್ರಿಯೇ ಪುಟದ ಚಿತ್ರ ತೆಗೆದು ಸ್ವಂತ ಈಮೇಲಿನಿಂದ ಸ್ವಂತ ಈಮೇಲಿಗೇ ಕಳಿಸಿಕೊಂಡರೆ, ಅಂದೇ ಬರೆದದ್ದೆಂಬುದಕ್ಕೆ ದಿನಾಂಕದ ಗುರುತು ತಾನಾಗಿ ಬೀಳುತ್ತದೆ. ಕಛೇರಿಯ ಈಮೇಲ್ ಮಾತ್ರ ಬೇಡ; ಕೆಲಸ ಹೋದ ದಿನ ಅದೂ ಹೋಗುತ್ತದೆ.

ಫೋನಿನ ಸಂದೇಶಗಳ ಚಿತ್ರ ತೆಗೆಯುವಾಗ ಕಳಿಸಿದವರ ನಂಬರು, ದಿನಾಂಕ, ಹೊತ್ತು ಕಾಣುವಂತಿರಬೇಕು. ಸಂದೇಶದ ಹಿಂದುಮುಂದಿನ ಸಾಲುಗಳೂ ಇರಲಿ. ಈ ಪ್ರಕರಣದಲ್ಲಿ ಜುಲೈ 9ರ ಸಂದೇಶ ಅಳಿಸಿಹೋಗಿತ್ತು. ಅವಳ ಬಳಿ ಅದರ ಚಿತ್ರವಿರಲಿಲ್ಲ. ಆದರೂ ಕಳಿಸಿದವರ ಹೆಸರಿನ ಕೆಳಗೆ ರಾತ್ರಿ 11-20ರ ಅಳಿಸಿದ ಗುರುತು ಇತ್ತು. ಅದನ್ನೇ ಅವಳು ಇಟ್ಟುಕೊಂಡಳು. ಇನ್ನೊಂದು ಎಚ್ಚರಿಕೆಯ ಮಾತು: ಸಾಕ್ಷಿ ಬೇಕೆಂದು ಕಛೇರಿಯ ಬೇರೆ ಕಡತಗಳನ್ನು ಹೊರಗೆ ಸಾಗಿಸಬಾರದು. ಹಾಗೆ ಮಾಡಿದರೆ ದೂರುದಾರಳ ಮೇಲೆಯೇ ಶಿಸ್ತಿನ ಕ್ರಮ ಹೂಡಲು ಆಡಳಿತಕ್ಕೆ ನೆಪ ಸಿಗುತ್ತದೆ. ರಜೆಯ ರಿಜಿಸ್ಟರು, ಹಾಜರಿ ಪುಸ್ತಕ ಮೊದಲಾದವನ್ನು ತರಿಸಿ ನೋಡುವ ಅಧಿಕಾರ ಸಮಿತಿಗಿದೆ. "ಇಂಥ ದಿನದ ರಿಜಿಸ್ಟರು ತರಿಸಿರಿ" ಎಂದು ದೂರಿನಲ್ಲಿ ಬರೆದರೆ ಸಾಕು.

ಈಗ ನಮ್ಮ ತಪ್ಪಿನ ವಿಷಯ. ಈ ತರುಣಿ ಆಗಸ್ಟ್ 28ರಂದೇ ನಮ್ಮ ಕಾರ್ಯಾಲಯಕ್ಕೆ ಬಂದಿದ್ದಳು. ಆಗ ಇದ್ದ ಹಿರಿಯರು, ಇಬ್ಬರೂ ನಮ್ಮವರು, ಹೊರಗಿನವರ ಬಾಯಿಗೆ ಯಾಕೆ ಬೀಳಬೇಕೆಂದು ಸದುದ್ದೇಶದಿಂದಲೇ ಆ ಮೇಲಧಿಕಾರಿಯನ್ನು ಚಹಾಕ್ಕೆ ಕರೆದು ಬುದ್ಧಿ ಹೇಳಿದರು. ಆತ ತಲೆದೂಗಿ, "ಮಗಳಂತೆ ನೋಡಿದ್ದೇನೆ, ಇನ್ನು ಮಾತೇ ಆಡುವುದಿಲ್ಲ" ಎಂದು ಹೇಳಿ ಹೋದ. ಮಾತನ್ನೇನೋ ನಿಲ್ಲಿಸಿದ. ಮುಖ್ಯ ಲೆಕ್ಕಪುಸ್ತಕದ ಕೆಲಸವನ್ನೂ ಅವಳ ಕೈಯಿಂದ ತೆಗೆದು ಬೇರೊಬ್ಬರಿಗೆ ಕೊಟ್ಟ. ಅವಳು ನವೆಂಬರ್ 3ರಂದು ಮತ್ತೆ ಬಂದಳು.

ಇದರಲ್ಲಿ ಎರಡು ಅಪಚಾರಗಳಾದವು. ರಾಜಿ ಬೇಕೆಂದು ಅವಳು ಕೇಳಿರಲಿಲ್ಲ. ಕಾನೂನಿನಲ್ಲಿ ರಾಜಿಗೆ ಎಡೆಯಿದೆ. ಆದರೆ ಅದು ಸಮಿತಿಯ ಮೂಲಕ, ಹೆಣ್ಣುಮಗಳು ತಾನಾಗಿ ಕೇಳಿಕೊಂಡರೆ ಮಾತ್ರ, ಅದಕ್ಕೆ ಹಣ ಆಧಾರವಾಗಕೂಡದು. ನಾವು ಚಹಾದ ಮೇಜಿನ ಮೇಲೆ ಮಾಡಿದ್ದು ಅದಾವುದೂ ಅಲ್ಲ. ಎರಡನೆಯದು ಇನ್ನೂ ಗಂಭೀರ. ದೂರನ್ನು ಲಿಖಿತವಾಗಿ ಕೊಡಲು ಕಾನೂನು ಇಟ್ಟಿರುವ ಅವಧಿ ಘಟನೆಯಿಂದ 3 ತಿಂಗಳು. ಘಟನೆಗಳು ಸರಣಿಯಾಗಿದ್ದರೆ ಕೊನೆಯದರಿಂದ 3 ತಿಂಗಳು. ಕೊನೆಯ ಮಾತು ಆಗಸ್ಟ್ 18ರದು. ಅಂದರೆ ನವೆಂಬರ್ 18ಕ್ಕೆ ಅವಧಿ ಮುಗಿಯುತ್ತಿತ್ತು. ಹಿರಿಯರ ಬುದ್ಧಿವಾದ ನಡೆಯುತ್ತಿದೆಯೆಂದು ಆ ಗಡಿಯಾರ ನಿಲ್ಲುವುದಿಲ್ಲ. ಬರಲಾಗದ ಕಾರಣವನ್ನು ಸಮಿತಿ ಒಪ್ಪಿ, ಬರೆದಿಟ್ಟು, ಮತ್ತೆ 3 ತಿಂಗಳ ಮೀರದಂತೆ ಅವಧಿ ಹೆಚ್ಚಿಸಬಹುದು; ಅದು ಸಮಿತಿಯ ವಿವೇಚನೆಗೆ ಬಿಟ್ಟದ್ದು, ಹಕ್ಕಲ್ಲ. ನಮ್ಮ ಸೌಜನ್ಯ ಅವಳ ದೂರನ್ನೇ ನುಂಗಿಬಿಡುವುದರಲ್ಲಿತ್ತು. ಇನ್ನು ಮುಂದೆ ಇಂಥ ದೂರು ಬಂದರೆ ಸಂಘದಲ್ಲಿ ಪಂಚಾಯಿತಿ ನಡೆಯುವುದಿಲ್ಲ. ಮೊದಲ ದಿನವೇ ಕ್ಯಾಲೆಂಡರಿನಲ್ಲಿ ಕೊನೆಯ ದಿನಾಂಕಕ್ಕೆ ಗುರುತು ಹಾಕುವುದೆಂದು ಕಾರ್ಯಕಾರಿ ಸಮಿತಿ ಒಪ್ಪಿದೆ.

ನವೆಂಬರ್ 3ರ ರಾತ್ರಿಯೇ ಕೂತು ದೂರು ಬರೆಯಲಾಯಿತು. ಅವಳು ತಂದಿದ್ದ ಮೊದಲಿನ ಕಾಗದ ಅರ್ಧ ಪುಟದ್ದು: ಸಾಹೇಬರ ನಡತೆ ಸರಿಯಿಲ್ಲ, ನ್ಯಾಯ ಕೊಡಿಸಬೇಕು ಎಂದು. ಹೊಸದು ನಾಲ್ಕು ಪುಟವಾಯಿತು. ಐದು ಘಟನೆಗಳನ್ನು ದಿನಾಂಕದ ಅನುಕ್ರಮದಲ್ಲಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟು ಬರೆದೆವು. ಅವಳಿಗೆ ಅನುಕೂಲವಲ್ಲದ ಒಂದು ಸಂಗತಿಯನ್ನೂ ಸೇರಿಸಿದೆವು. ಆಗಸ್ಟ್ 2ರಂದು ಆತನ ಹುಟ್ಟುಹಬ್ಬಕ್ಕೆ ವಿಭಾಗದವರೆಲ್ಲರೂ ಕಳಿಸಿದಂತೆ ಅವಳೂ ಶುಭಾಶಯದ ಸಂದೇಶ ಕಳಿಸಿದ್ದಳು. "ಇದನ್ನು ಬರೆದರೆ ನನ್ನ ಕೇಸು ಬೀಳುತ್ತದೆ" ಎಂದು ಅವಳು ಹೆದರಿದಳು. ಬರೆಯದಿದ್ದರೆ ಬೀಳುವ ಸಂಭವ ಹೆಚ್ಚೆಂದು ಒಪ್ಪಿಸಬೇಕಾಯಿತು. ಮೇಲಧಿಕಾರಿಯ ಕೈಯಲ್ಲಿ ಕರಾರು ಇರುವವಳು ಶುಭಾಶಯ ಹೇಳುವುದು ಅನ್ನದ ಲೆಕ್ಕ, ಒಪ್ಪಿಗೆಯ ಲೆಕ್ಕವಲ್ಲ. ಆದರೆ ಅದನ್ನು ಅವಳೇ ಮೊದಲು ಹೇಳಿದರೆ ಮಾತ್ರ ಹಾಗೆ ಕಾಣುತ್ತದೆ.

ದೂರಿನ ಕೊನೆಗೆ ಮೂರು ಬಿನ್ನಹಗಳಿದ್ದವು. ವಿಚಾರಣೆ ಮುಗಿಯುವ ತನಕ ತನ್ನ ಕೆಲಸದ ವರದಿಯನ್ನು ಆತ ಬರೆಯದಂತೆ ಬೇರೆ ಅಧಿಕಾರಿಗೆ ವಹಿಸಬೇಕು. ಜುಲೈ, ಆಗಸ್ಟ್ ತಿಂಗಳ ರಜೆ ರಿಜಿಸ್ಟರನ್ನು ತರಿಸಬೇಕು. ಮಾತುಗಳು ಕನ್ನಡದವಾದುದರಿಂದ ಎರಡೂ ಕಡೆಯವರು ಒಪ್ಪುವ, ಕನ್ನಡ ಬಲ್ಲ ಭಾಷಾಂತರಕಾರರನ್ನು ಕರೆಯಬೇಕು. ಮೊದಲನೆಯದಕ್ಕೆ ನಿಯಮಗಳಲ್ಲಿಯೇ ಆಧಾರವಿದೆ. ವರ್ಗಾವಣೆಯನ್ನಾಗಲಿ, ತನಗೆ ಸಲ್ಲುವ ರಜೆಗಿಂತ ಹೆಚ್ಚಾಗಿ 3 ತಿಂಗಳ ತನಕ ರಜೆಯನ್ನಾಗಲಿ ಅವಳು ಕೇಳಬಹುದಿತ್ತು. ಕೇಳಲಿಲ್ಲ, ಮನೆಯಲ್ಲಿ ಕುಳಿತರೆ ತಪ್ಪು ತನ್ನದೆಂದು ಜನ ತಿಳಿದಾರು ಎಂದಳು.

ಯಾರಿಗೆ ಕೊಡಬೇಕು ಎಂಬುದರಲ್ಲಿಯೂ ತೊಡಕುಂಟು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಪ್ರತಿಯೊಂದು ಕಡೆಯೂ, ಶಾಖೆಗಳು ಬೇರೆ ಬೇರೆ ಇದ್ದರೆ ಪ್ರತಿ ಶಾಖೆಯಲ್ಲಿಯೂ, ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆ. ಕೆಲಸಗಾರರಿಂದ ಕನಿಷ್ಠ ಇಬ್ಬರು ಸದಸ್ಯರು. ಮಹಿಳಾ ಸಂಸ್ಥೆಯಿಂದಲೋ ಈ ವಿಷಯ ಬಲ್ಲವರಿಂದಲೋ ಹೊರಗಿನ ಸದಸ್ಯರು ಒಬ್ಬರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು. ಎಷ್ಟೋ ಕಡೆ ಈ ಸಮಿತಿ ಗೋಡೆಯ ಕಾಗದದ ಮೇಲೆ ಮಾತ್ರ ಇದೆ. ಸುಪ್ರೀಂ ಕೋರ್ಟೇ 2023ರ ಮೇ ತಿಂಗಳ ತೀರ್ಪಿನಲ್ಲಿ ಈ ಉದಾಸೀನದ ಬಗ್ಗೆ ಕಟುವಾಗಿ ಹೇಳಿತು. ನಮ್ಮ ಈ ಕಛೇರಿಯಲ್ಲಿಯೂ ಹಿಂದಿನ ಹೊರಗಿನ ಸದಸ್ಯೆಯ ಅವಧಿ ಮುಗಿದು, ಆ ಸ್ಥಾನ ಖಾಲಿಯಾಗಿತ್ತು. ಸದಸ್ಯರ ಅವಧಿ 3 ವರ್ಷ ಮೀರುವಂತಿಲ್ಲ. ಸಮಿತಿಯ ನೇಮಕದ ಆದೇಶದ ಪ್ರತಿಯನ್ನು ಅವಳು ಮೊದಲೇ ಬರೆದು ಕೇಳಿದ್ದರಿಂದ ಇದು ಹೊರಬಿತ್ತು, ಸ್ಥಾನ ತುಂಬಿತು. ಕೇಳದೆ ಹೋಗಿದ್ದರೆ ವಿಚಾರಣೆಯೆಲ್ಲ ಮುಗಿದ ಮೇಲೆ, ಸಮಿತಿಯೇ ಸರಿಯಿರಲಿಲ್ಲವೆಂಬ ಕಾರಣದಿಂದ ಎಲ್ಲವೂ ಬಿದ್ದುಹೋಗುವ ಭಯವಿತ್ತು.

ಅವಳು ಕಂತ್ರಾಟಿನವಳು, ನಮ್ಮ ನೌಕರಳಲ್ಲ ಎಂದು ಆಡಳಿತದವರು ಮೊದಲು ಅಂದರು. ಆ ಮಾತು ನಿಲ್ಲುವುದಿಲ್ಲ. ಕಂತ್ರಾಟುದಾರನ ಮೂಲಕ ಬಂದವರು, ತಾತ್ಕಾಲಿಕರು, ದಿನಗೂಲಿಯವರು, ತರಬೇತಿಗೆ ಬಂದವರು ಎಲ್ಲರೂ ಈ ಕಾನೂನಿನಲ್ಲಿ ನೌಕರರೇ.

ನವೆಂಬರ್ 12ರಂದು ದೂರಿನ ಆರು ಪ್ರತಿಗಳನ್ನು ಆಧಾರಗಳೊಡನೆಯೂ ಸಾಕ್ಷಿದಾರರ ಹೆಸರು ವಿಳಾಸಗಳೊಡನೆಯೂ ಕೊಟ್ಟು, ತನ್ನ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆದಳು. ಬರೆಯಲು ಬಾರದವರಿಗೆ ಸಮಿತಿಯವರೇ ಬರೆಯಲು ನೆರವಾಗಬೇಕೆಂಬ ಕಟ್ಟಳೆಯೂ ಇದೆ. ಸಮಿತಿ 7 ಕೆಲಸದ ದಿನಗಳೊಳಗೆ ಆತನಿಗೆ ಒಂದು ಪ್ರತಿ ಕಳಿಸಬೇಕು. ಆತ 10 ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ವಕೀಲರನ್ನು ಯಾರೂ ತರುವಂತಿಲ್ಲ. ನಮ್ಮವರಲ್ಲಿ ಕೆಲವರು ಇದನ್ನು ಕೊರತೆ ಎನ್ನುತ್ತಾರೆ. ವಕೀಲರಿಗೆ ಹಣ ತೆರಲಾರದ ಹುಡುಗಿಗೆ ಇದು ಒಳ್ಳೆಯದೇ ಎಂಬುದು ನಮ್ಮ ಅಭಿಪ್ರಾಯ.

ಆತನ ಉತ್ತರ ನಿರೀಕ್ಷಿಸಿದಂತೆಯೇ ಇತ್ತು. ಊರ ಹುಡುಗಿ, ಮಗಳ ಸಮಾನ. ನಮ್ಮ ಭಾಷೆಯಲ್ಲಿ ಹೀಗೆ ಸಲಿಗೆಯಿಂದ ಮಾತಾಡುವುದು ಸಹಜ. ರಾತ್ರಿಯ ಸಂದೇಶ ಬೇರೆಯವರಿಗೆ ಕಳಿಸಬೇಕಾಗಿದ್ದುದು ತಪ್ಪಿ ಹೋದದ್ದು. ಕೆಲಸ ಸರಿಯಿಲ್ಲವೆಂದು ಗದರಿದ್ದಕ್ಕೆ ಈ ದ್ವೇಷ. ಇಂಥ ವಿಚಾರಣೆಯಲ್ಲಿ ಕ್ರಿಮಿನಲ್ ಕೋರ್ಟಿನಂತೆ ಸಂಶಯಕ್ಕೆಡೆಯಿಲ್ಲದ ಪುರಾವೆ ಬೇಕಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಸಂಭವನೀಯ ಎಂದು ತೂಗುತ್ತಾರೆ. ಆ ತೂಕದಲ್ಲಿ ಕೆಲಸ ಮಾಡಿದ್ದು ಸಣ್ಣ ಸಣ್ಣ ಸಂಗತಿಗಳು. ಜುಲೈ 24ರ ದಿನಾಂಕವಿದ್ದ ರಜೆ ಅರ್ಜಿಗೆ ಆಗಸ್ಟ್ 1ರ ತನಕ ಸಹಿ ಬಿದ್ದಿರಲಿಲ್ಲ. ಅದೇ ವಾರ ಬೇರೆ ಇಬ್ಬರ ಅರ್ಜಿಗಳಿಗೆ ಕೊಟ್ಟ ದಿನವೇ ಸಹಿಯಾಗಿತ್ತು. ಪಕ್ಕದ ಮೇಜಿನ ಮಹಿಳೆ ಮಾತನ್ನು ಕೇಳಿರಲಿಲ್ಲ. ಆದರೆ ಹೊರಬಂದವಳ ಮುಖ ನೋಡಿದ್ದರು, ಆ ಹೊತ್ತಿನಲ್ಲಿಯೇ ಅವಳು ಹೇಳಿದ್ದನ್ನು ಕೇಳಿದ್ದರು. ಅಷ್ಟನ್ನೇ ಹೇಳಿದರು, ಕೂಡಿಸಿ ಹೇಳಲಿಲ್ಲ. ಸಲಿಗೆಯ ವಾದಕ್ಕೆ ಭಾಷಾಂತರಕಾರರಾಗಿ ಬಂದಿದ್ದ ನಿವೃತ್ತ ಉಪಾಧ್ಯಾಯರೊಬ್ಬರು ಉತ್ತರವಾದರು. ಸಭೆಯಲ್ಲಿ ಬಹುವಚನ, ಕೋಣೆಯಲ್ಲಿ "ಕಣೇ" ಎಂಬುದರ ಅಂತರವೇನೆಂದು ಅಧ್ಯಕ್ಷೆ ಕೇಳಿದಾಗ, ಮಗಳೊಡನೆ ಆಡುವ ಏಕವಚನವನ್ನು ಯಾರೂ ಜನರೆದುರು ಬಚ್ಚಿಡುವುದಿಲ್ಲ ಎಂದು ಅವರು ಹೇಳಿದರಂತೆ. ಹುಟ್ಟುಹಬ್ಬದ ಸಂದೇಶವನ್ನು ಆತ ದೊಡ್ಡ ಅಸ್ತ್ರವೆಂಬಂತೆ ಹೊರತೆಗೆದ. ದೂರಿನ ಮೂರನೆಯ ಪುಟದಲ್ಲಿ ಅದಾಗಲೇ ಇತ್ತು.

ಫೆಬ್ರವರಿ ಮೊದಲ ವಾರದಲ್ಲಿ ವರದಿ ಬಂದಿತು. ಐದರಲ್ಲಿ ಮೂರು ಘಟನೆಗಳು, ಜೂನ್ 30, ಜುಲೈ 24 ಮತ್ತು ಆಗಸ್ಟ್ 18ರವು, ಸಾಬೀತಾದವೆಂದಿತು. ಜೂನ್ 11ರ ಮಾತು ಬಿಡಿಯಾಗಿ ಕಿರುಕುಳವಲ್ಲ ಎಂದಿತು. ರಾತ್ರಿಯ ಸಂದೇಶದಲ್ಲಿ ಏನಿತ್ತೆಂಬುದಕ್ಕೆ ಆಧಾರ ಸಾಲದು ಎಂದಿತು; ಅಂದೇ ಒಂದು ಚಿತ್ರ ತೆಗೆದಿಟ್ಟಿದ್ದರೆ ನಾಲ್ಕಾಗುತ್ತಿತ್ತು. ಆತನಿಗೆ ಲಿಖಿತ ಎಚ್ಚರಿಕೆ, ಒಂದು ವರ್ಷದ ವೇತನ ಬಡ್ತಿಗೆ ತಡೆ. ಅವಳ ಕೆಲಸದ ವರದಿ ಇನ್ನು ಬೇರೆ ಅಧಿಕಾರಿಯ ಕೈಗೆ. ಶಿಫಾರಸನ್ನು ಆಡಳಿತ 60 ದಿನಗಳಲ್ಲಿ ಜಾರಿಗೆ ತರಬೇಕು, ತಂದಿತು. ಆತನನ್ನು ಬೇರೆ ಶಾಖೆಗೆ ಕಳಿಸಬೇಕೆಂಬುದು ಅವಳ ಆಸೆಯಾಗಿತ್ತು, ಅದು ಆಗಲಿಲ್ಲ. 90 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿತ್ತು, ಅವಳು ಹೋಗಲಿಲ್ಲ. ಸಮಿತಿಯ ದಾರಿಯ ಜೊತೆಗೆ ಪೋಲೀಸು ದೂರಿನ ದಾರಿಯೂ ತೆರೆದೇ ಇರುತ್ತದೆ; ಭಾರತೀಯ ನ್ಯಾಯ ಸಂಹಿತೆಯ 75ನೆಯ ಕಲಮಿನಲ್ಲಿ ಇಂಥ ಮಾತಿಗೂ ಶಿಕ್ಷೆ ಇದೆ. ಅದನ್ನೂ ಅವಳು ಬಳಸಲಿಲ್ಲ. ಅದು ಅವಳ ನಿರ್ಧಾರ.

ಸುಳ್ಳು ದೂರಿಗೆ ಶಿಕ್ಷೆಯಿದೆಯಲ್ಲ, ಸಾಬೀತಾಗದೆ ಹೋದರೆ ನನ್ನ ಗತಿಯೇನು ಎಂದು ಹಲವರು ಹಿಂಜರಿಯುತ್ತಾರೆ. ಸುಳ್ಳೆಂದು ತಿಳಿದೂ ದುರುದ್ದೇಶದಿಂದ ಕೊಟ್ಟರೆ ಮಾತ್ರ ಆ ಕ್ರಮ, ಅದಕ್ಕೂ ಬೇರೆಯೇ ವಿಚಾರಣೆಯಾಗಬೇಕು. ಸಾಬೀತು ಮಾಡಲಾಗಲಿಲ್ಲ ಎಂಬಷ್ಟರಿಂದಲೇ ಶಿಕ್ಷೆಯಿಲ್ಲವೆಂದು ಕಾನೂನು ಸ್ಪಷ್ಟವಾಗಿ ಹೇಳಿದೆ.

ನಮ್ಮ ಸದಸ್ಯರಲ್ಲಿ ಬಹುಮಂದಿ ಇರುವುದು ಹತ್ತು ಜನರೂ ಇಲ್ಲದ ಖಾನಾವಳಿ, ಅಂಗಡಿ, ಸಣ್ಣ ಕಾರಖಾನೆಗಳಲ್ಲಿ. ಹಲವು ಸೋದರಿಯರು ಮನೆಗೆಲಸದಲ್ಲಿದ್ದಾರೆ. ಅಲ್ಲಿ ಆಂತರಿಕ ಸಮಿತಿ ಇರುವುದಿಲ್ಲ. ಅಂಥವರೂ, ಮಾಲೀಕನ ಮೇಲೆಯೇ ದೂರಿರುವವರೂ, ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆಯಬೇಕು. ಮುಂಬಯಿಯಲ್ಲಿ ನಗರ ಮತ್ತು ಉಪನಗರ ಎಂದು ಎರಡು ಜಿಲ್ಲೆಗಳಿವೆ; ಕೆಲಸದ ಸ್ಥಳ ಯಾವ ಜಿಲ್ಲೆಗೆ ಸೇರಿದೆಯೋ ಆ ಜಿಲ್ಲಾಧಿಕಾರಿಯ ಕಛೇರಿಯಲ್ಲಿ ವಿಚಾರಿಸಬೇಕು. 3 ತಿಂಗಳ ಲೆಕ್ಕ ಅಲ್ಲಿಯೂ ಅದೇ.

ಸಂಘದ ಕಾರ್ಯಾಲಯದಲ್ಲಿ ಇನ್ನು ಪ್ರತಿ ಶನಿವಾರ ಸಂಜೆ ಇಬ್ಬರು ಮಹಿಳಾ ಸದಸ್ಯರು ಒಳಗಿನ ಕೋಣೆಯಲ್ಲಿ ಕುಳಿತಿರುತ್ತಾರೆ. ದೂರು ಬರೆಯಲು, ಕನ್ನಡದ ಮಾತಿಗೆ ಹಿಂದಿ, ಇಂಗ್ಲಿಷಿನಲ್ಲಿ ಸರಿಯಾದ ಅರ್ಥ ಹಚ್ಚಲು, ದಿನಾಂಕ ಎಣಿಸಲು ಅವರು ನೆರವಾಗುವರು. ಬರುವವರು ನೋಟುಬುಕ್ಕು ಹೇಗಿದೆಯೋ ಹಾಗೆಯೇ ತರಲಿ, ಫೋನಿನಿಂದ ಏನನ್ನೂ ಅಳಿಸದಿರಲಿ. ಮೂಲೆಯ ಬೆಂಚಿನ ಮೇಲೆ ಕಾಯಬೇಕಾಗಿಲ್ಲ. ಆ ಕೋಣೆಗೆ ಹಿತ್ತಿಲ ಕಡೆಯಿಂದ ಬೇರೆ ಬಾಗಿಲಿದೆ.